ಆರ್ಡರ್ ಒಂದಕ್ಕೆ ಉಳಿಯುವುದೆಷ್ಟು? ಆನ್‌ಲೈನ್ ಕುರ್ತಿ ವ್ಯಾಪಾರವೊಂದರ ಪ್ರಕರಣ ಅಧ್ಯಯನ

ಹುಬ್ಬಳ್ಳಿಯಲ್ಲಿ ಹತ್ತಿಯ ಕುರ್ತಿಗಳನ್ನು ಹೊಲಿಸಿ, ತನ್ನದೇ ವೆಬ್‌ಸೈಟಿನ ಮೂಲಕ ದೇಶದ ನಾನಾ ಕಡೆಗೆ ಮಾರುವ ಒಂದು ಸಣ್ಣ ಉದ್ದಿಮೆಯನ್ನು ಈ ಅಧ್ಯಯನಕ್ಕೆ ತೆಗೆದುಕೊಂಡಿದ್ದೇನೆ. ಇದು ವಿವರಣೆಗಾಗಿ ಕಟ್ಟಿಕೊಂಡ ಮಾದರಿ ಪ್ರಕರಣ. ಲೆಕ್ಕವನ್ನು ಓದುತ್ತಲೇ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಲು ಅನುಕೂಲವಾಗಲೆಂದು ಅಂಕಿಗಳನ್ನು ಸರಳವಾಗಿ ಇಟ್ಟಿದ್ದೇನೆ. ಆದರೆ ಖರ್ಚಿನ ಬಾಬತ್ತುಗಳು, ಅವು ಎಲ್ಲಿ ಹುಟ್ಟುತ್ತವೆ ಎಂಬುದು, ಅವು ಕಣ್ಣು ತಪ್ಪಿಸುವ ರೀತಿ, ಇವೆಲ್ಲ ಇಂಥ ವ್ಯಾಪಾರ ಮಾಡುವವರು ದಿನವೂ ಎದುರಿಸುವಂಥವೇ.

ಉದ್ದಿಮೆಯು ಒಂದು ತಿಂಗಳಲ್ಲಿ 1,000 ಆರ್ಡರುಗಳನ್ನು ರವಾನಿಸಿದೆ. ಪ್ರತಿ ಆರ್ಡರಿನಲ್ಲಿ ಒಂದೇ ಕುರ್ತಿ. ವೆಬ್‌ಸೈಟಿನಲ್ಲಿ ತೋರಿಸಿದ ಬೆಲೆ 1,050 ರೂಪಾಯಿ. ಬಟ್ಟೆ, ಹೊಲಿಗೆ, ಗುಂಡಿ, ಲೇಬಲ್ ಎಲ್ಲ ಸೇರಿ ಒಂದು ಕುರ್ತಿಗೆ ತಗಲುವ ವೆಚ್ಚ 380 ರೂಪಾಯಿ. ಒಂದರಲ್ಲಿ ಇನ್ನೊಂದನ್ನು ಕಳೆದರೆ 670 ಉಳಿಯುತ್ತದೆ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಜಾಹೀರಾತಿಗೆ ಆರ್ಡರ್ ಒಂದಕ್ಕೆ 190 ರೂಪಾಯಿ ಖರ್ಚಾಗುತ್ತಿದ್ದುದರಿಂದ, ವ್ಯಾಪಾರ ಲಾಭದಲ್ಲಿದೆ ಎಂದೇ ಮಾಲೀಕರು ನಂಬಿದ್ದರು. ಹಾಗಿದ್ದರೂ ಮಾರಾಟ ಹೆಚ್ಚಿದಂತೆಲ್ಲ ಬ್ಯಾಂಕಿನಲ್ಲಿರುವ ಹಣ ಕರಗುತ್ತಿತ್ತು. ಅದಕ್ಕೆ ಕಾರಣವನ್ನು ಹುಡುಕುವುದೇ ಈ ಲೆಕ್ಕದ ಕೆಲಸ.

ಇಲ್ಲಿ ಬೇಕಾಗಿರುವುದು ಆರ್ಡರ್ ಒಂದರ ಕಾಂಟ್ರಿಬ್ಯೂಷನ್ ಮಾರ್ಜಿನ್. ಅಂದರೆ, ಗ್ರಾಹಕರಿಂದ ನಿಜವಾಗಿ ಕೈಸೇರಿದ ಹಣದಲ್ಲಿ ಆ ಆರ್ಡರಿನಿಂದಾಗಿಯೇ ಹುಟ್ಟಿದ ಎಲ್ಲ ಖರ್ಚುಗಳನ್ನು ಕಳೆದ ಮೇಲೆ ಉಳಿಯುವ ಮೊತ್ತ. ಗೋದಾಮಿನ ಬಾಡಿಗೆ, ಸಂಬಳ, ವೆಬ್‌ಸೈಟಿನ ತಿಂಗಳ ಶುಲ್ಕ ಮುಂತಾದವು ಇದರಲ್ಲಿ ಸೇರುವುದಿಲ್ಲ, ಏಕೆಂದರೆ ಅವು ಒಂದು ಆರ್ಡರ್ ಹೆಚ್ಚಾದರೂ ಕಡಿಮೆಯಾದರೂ ಬದಲಾಗುವುದಿಲ್ಲ. ಜಾಹೀರಾತಿನ ಖರ್ಚನ್ನೂ ಸದ್ಯಕ್ಕೆ ಹೊರಗಿಟ್ಟು, ಕೊನೆಯಲ್ಲಿ ಬಂದ ಮೊತ್ತದೊಂದಿಗೆ ಹೋಲಿಸುವುದು ಅನುಕೂಲ. ಜಾಹೀರಾತಿಗೆ ಎಷ್ಟು ಕೊಡಬಹುದು ಎಂಬ ಪ್ರಶ್ನೆಗೆ ಉತ್ತರಿಸಬೇಕಾದುದೇ ಈ ಮೊತ್ತ.

ತಲುಪಿ ಉಳಿದ ಆರ್ಡರ್

ಮೊದಲು ಎಲ್ಲವೂ ಸರಿಯಾಗಿ ನಡೆದ ಒಂದು ಆರ್ಡರನ್ನು ನೋಡೋಣ. ತೋರಿಸಿದ ಬೆಲೆ 1,050 ಆದರೂ ಹೆಚ್ಚುಕಡಿಮೆ ಪ್ರತಿಯೊಬ್ಬ ಗ್ರಾಹಕರೂ ಶೇ. 20ರ ಕೂಪನ್ ಬಳಸುತ್ತಾರೆ, ಹೀಗಾಗಿ ಅವರು ಕೊಡುವುದು 840 ರೂಪಾಯಿ. ಈ ಬೆಲೆಯ ಉಡುಪಿಗೆ ಜಿಎಸ್‌ಟಿ ಶೇ. 5, ಅದು ಬೆಲೆಯೊಳಗೇ ಸೇರಿರುವುದರಿಂದ 840ರಲ್ಲಿ 40 ರೂಪಾಯಿ ಸರ್ಕಾರಕ್ಕೆ ಹೋಗುತ್ತದೆ. ಉದ್ದಿಮೆಯ ಪಾಲಿಗೆ ಬರುವ ಆದಾಯ 800 ರೂಪಾಯಿ ಮಾತ್ರ. ಕೂಪನ್ ಇಲ್ಲದಿದ್ದರೆ ತೆರಿಗೆ ಕಳೆದ ಆದಾಯ 1,000 ಇರುತ್ತಿತ್ತು, ಅದರಲ್ಲಿ ಸರಕಿನ ವೆಚ್ಚ ಹೋಗಿ 620 ಉಳಿಯುತ್ತಿತ್ತು. ಈಗ ಉಳಿಯುವುದು 420. ಗ್ರಾಹಕರಿಗೆ ಬೆಲೆಯಲ್ಲಿ ಐದನೇ ಒಂದು ಭಾಗ ಬಿಟ್ಟುಕೊಟ್ಟರೆ, ಉಳಿಕೆಯಲ್ಲಿ ಸುಮಾರು ಮೂರನೇ ಒಂದು ಭಾಗವನ್ನೇ ಬಿಟ್ಟುಕೊಟ್ಟಂತಾಗುತ್ತದೆ. ರಿಯಾಯಿತಿಯನ್ನು ಬೆಲೆಯ ಶೇಕಡಾವಾರಿನಲ್ಲಿ ಮಾತ್ರ ನೋಡುವ ಅಭ್ಯಾಸ ಇದನ್ನು ಮರೆಮಾಚುತ್ತದೆ.

ಸರಕು, ಸಾಗಣೆ, ಗೇಟ್‌ವೇ ಇವುಗಳ ವೆಚ್ಚವನ್ನು ಇಲ್ಲಿ ಜಿಎಸ್‌ಟಿ ಬಿಟ್ಟು ಹಿಡಿಯಲಾಗಿದೆ, ಏಕೆಂದರೆ ನೋಂದಾಯಿತ ವ್ಯಾಪಾರಿಗೆ ಆ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಹಿಂದಿರುಗುತ್ತದೆ. ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ ಹಾಕಿಸಿಕೊಳ್ಳದೆ ಕ್ರೆಡಿಟ್ ಕಳೆದುಕೊಳ್ಳುವವರು ಆ ತೆರಿಗೆಯನ್ನೂ ವೆಚ್ಚವೆಂದೇ ಹಿಡಿಯಬೇಕಾಗುತ್ತದೆ.

ಈ 420ರಲ್ಲಿ ಕವರ್ ಮತ್ತು ಪ್ಯಾಕಿಂಗಿಗೆ 15, ಕೊರಿಯರಿಗೆ 70 ರೂಪಾಯಿ ಹೋಗುತ್ತದೆ. ಮುಂಚಿತವಾಗಿ ಆನ್‌ಲೈನಿನಲ್ಲಿ ಹಣ ಕೊಟ್ಟ, ಅಂದರೆ ಪ್ರೀಪೇಯ್ಡ್ ಆರ್ಡರಾದರೆ ಪೇಮೆಂಟ್ ಗೇಟ್‌ವೇ ಶೇ. 2ರಷ್ಟು ಹಿಡಿಯುತ್ತದೆ. ಈ ಶೇ. 2 ಲೆಕ್ಕವಾಗುವುದು 800ರ ಮೇಲಲ್ಲ, ಗ್ರಾಹಕರು ಕೊಟ್ಟ 840ರ ಮೇಲೆ. ಆದ್ದರಿಂದ ಅದು 16 ರೂಪಾಯಿ 80 ಪೈಸೆ. ಯುಪಿಐ ಪಾವತಿಗೆ ವ್ಯಾಪಾರಿ ಶುಲ್ಕ 2020ರ ಜನವರಿಯಿಂದ ಶೂನ್ಯವಾಗಿದ್ದರೂ, ಗೇಟ್‌ವೇ ಕಂಪನಿಯು ತನ್ನ ಸೇವೆಗೆಂದು ಬೇರೆ ಶುಲ್ಕ ವಿಧಿಸಿರಬಹುದು, ಅದನ್ನು ಒಪ್ಪಂದದಲ್ಲಿಯೇ ನೋಡಬೇಕು. ಕ್ಯಾಶ್ ಆನ್ ಡೆಲಿವರಿ, ಅಂದರೆ ಸಿಒಡಿ ಆರ್ಡರಾದರೆ ಗೇಟ್‌ವೇ ಶುಲ್ಕ ಇಲ್ಲ, ಬದಲಿಗೆ ನಗದು ಸಂಗ್ರಹಿಸಿ ಕೊಡುವುದಕ್ಕೆ ಕೊರಿಯರ್ ಕಂಪನಿ 35 ರೂಪಾಯಿ ಹಿಡಿಯುತ್ತದೆ. ಹೀಗೆ, ತಲುಪಿ ಗ್ರಾಹಕರ ಬಳಿಯೇ ಉಳಿದ ಪ್ರೀಪೇಯ್ಡ್ ಆರ್ಡರಿನಲ್ಲಿ ಸುಮಾರು 318 ರೂಪಾಯಿ, ಸಿಒಡಿ ಆರ್ಡರಿನಲ್ಲಿ 300 ರೂಪಾಯಿ ಉಳಿಯುತ್ತದೆ.

ಸಾಗಣೆಯ 70 ರೂಪಾಯಿಯ ಬಗ್ಗೆ ಒಂದು ಎಚ್ಚರಿಕೆ. ಇದು 500 ಗ್ರಾಂ ತನಕದ ದರ. ಕುರ್ತಿಯ ತೂಕ 350 ಗ್ರಾಂ ಇದ್ದರೂ ಕೊರಿಯರ್ ಕಂಪನಿಯು ನಿಜವಾದ ತೂಕ ಮತ್ತು ಗಾತ್ರದಿಂದ ಬರುವ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ಬಿಲ್ ಮಾಡುತ್ತದೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5,000ದಿಂದ ಭಾಗಿಸಿ, ಬಂದದ್ದನ್ನು ಕಿಲೋಗ್ರಾಂ ಎಂದು ಹಿಡಿಯುವುದು ಸಾಮಾನ್ಯ ರೂಢಿ. 30 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ಕವರು 3 ಸೆಂ.ಮೀ. ದಪ್ಪವಿದ್ದರೆ 450 ಗ್ರಾಂ ಎಂದಾಗುತ್ತದೆ. ಅದೇ ಕವರು ಸಡಿಲವಾಗಿ ಮಡಿಸಿದ್ದರಿಂದ 4 ಸೆಂ.ಮೀ. ಉಬ್ಬಿದರೆ 600 ಗ್ರಾಂ ಆಗಿ ಮುಂದಿನ ದರಕ್ಕೆ ಏರುತ್ತದೆ. ಕೊರಿಯರ್ ಬಿಲ್ಲಿನಲ್ಲಿ ತೂಕದ ವ್ಯತ್ಯಾಸವೆಂದು ಬರುವ ಸಾಲುಗಳು ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ, ಮತ್ತು ಅವನ್ನು ಪ್ರಶ್ನಿಸಲು ಕಂಪನಿ ಕೊಡುವ ಅವಧಿ ಚಿಕ್ಕದಾಗಿರುತ್ತದೆ. ಮುಂದಿನ ಲೆಕ್ಕದಲ್ಲಿ ಎಲ್ಲ ಪಾರ್ಸೆಲುಗಳೂ 500 ಗ್ರಾಮಿನೊಳಗೇ ಇದ್ದವೆಂದು ಹಿಡಿದಿದೆ.

ಹಿಂದಿರುಗಿ ಬಂದ ಆರ್ಡರ್

ವಾಪಸಾತಿಯಲ್ಲಿ ಎರಡು ಬಗೆಗಳಿವೆ, ಇವೆರಡನ್ನೂ ಒಂದೇ ಕಾಲಮಿನಲ್ಲಿ ಬರೆದಿಡುವುದೇ ಅನೇಕ ಲೆಕ್ಕಗಳು ಕೆಡಲು ಕಾರಣ. ಮೊದಲನೆಯದು, ಪಾರ್ಸೆಲು ಗ್ರಾಹಕರ ಕೈಗೆ ಸೇರದೆಯೇ ಮರಳುವುದು. ಬಾಗಿಲಲ್ಲಿ ಬೇಡವೆಂದರು, ಫೋನ್ ಎತ್ತಲಿಲ್ಲ, ವಿಳಾಸ ಸಿಗಲಿಲ್ಲ ಎಂಬಂಥ ಕಾರಣಗಳಿಗೆ ಹೀಗಾಗುತ್ತದೆ. ಕೊರಿಯರ್ ಬಿಲ್ಲಿನಲ್ಲಿ ಇದನ್ನು ಆರ್‌ಟಿಒ ಎಂದು ನಮೂದಿಸುತ್ತಾರೆ. ಎರಡನೆಯದು, ಪಾರ್ಸೆಲು ತಲುಪಿದ ಮೇಲೆ ಅಳತೆ ಸರಿಹೊಂದಲಿಲ್ಲ, ಬಣ್ಣ ಬೇರೆ ಎಂದು ಗ್ರಾಹಕರು ಹಿಂದಿರುಗಿಸುವುದು.

ಒಂದು ಆರ್‌ಟಿಒ ಎಷ್ಟು ತಿನ್ನುತ್ತದೆ? ಆದಾಯವಿಲ್ಲ, ಕುರ್ತಿ ಮರಳಿ ಗೋದಾಮು ಸೇರುವುದರಿಂದ 380ರ ಸರಕಿನ ವೆಚ್ಚವೂ ಇಲ್ಲ. ಆದರೆ ಹೋಗುವಾಗಿನ ಸಾಗಣೆ 70, ಬರುವಾಗಿನ ಸಾಗಣೆ 60, ವ್ಯರ್ಥವಾದ ಪ್ಯಾಕಿಂಗ್ 15, ತೆರೆದು ಪರೀಕ್ಷಿಸಿ ಇಸ್ತ್ರಿ ಮಾಡಿ ಮತ್ತೆ ಜೋಡಿಸುವುದಕ್ಕೆ 10 ರೂಪಾಯಿ ಹೋಗುತ್ತದೆ. ಇದರ ಮೇಲೆ, ಮರಳಿದ 20 ಪಾರ್ಸೆಲುಗಳಲ್ಲಿ ಒಂದು ದಾರಿಯಲ್ಲಿ ಕಳೆದೋ ಹಾಳಾಗಿಯೋ ಮಾರಲಾಗದಂತೆ ಆಗುತ್ತದೆ. ಆ ನಷ್ಟವನ್ನು ಎಲ್ಲದಕ್ಕೂ ಹಂಚಿದರೆ ತಲಾ 19 ರೂಪಾಯಿ. ಒಟ್ಟು 174. ಸಿಒಡಿಯ 35 ರೂಪಾಯಿಯನ್ನು ಇಲ್ಲಿ ಸೇರಿಸಿಲ್ಲ, ಏಕೆಂದರೆ ನಮ್ಮ ಪ್ರಕರಣದ ಒಪ್ಪಂದದಂತೆ ನಗದು ಸಂಗ್ರಹವಾಗದಿದ್ದರೆ ಆ ಶುಲ್ಕವನ್ನು ಕಂಪನಿ ಮರಳಿಸುತ್ತದೆ. ಎಲ್ಲ ಒಪ್ಪಂದಗಳೂ ಹೀಗಿರುತ್ತವೆಂದು ನಂಬಿಕೊಳ್ಳಬಾರದು.

ಗ್ರಾಹಕರು ಹಿಂದಿರುಗಿಸಿದ ಆರ್ಡರು ಇದಕ್ಕಿಂತ ದುಬಾರಿ. ಪ್ಯಾಕಿಂಗಿನ 15, ಹೋಗುವ ಸಾಗಣೆಯ 70, ಮರುಜೋಡಣೆಯ 10 ಇಲ್ಲಿಯೂ ಇವೆ. ಗ್ರಾಹಕರ ಮನೆಯಿಂದ ಪಾರ್ಸೆಲನ್ನು ಎತ್ತಿಸಿ ತರಿಸುವುದಕ್ಕೆ 90 ರೂಪಾಯಿ. ಹೀಗೆ ಬಂದ ನಾಲ್ಕು ಕುರ್ತಿಗಳಲ್ಲಿ ಒಂದು ತೊಟ್ಟ ಗುರುತಿನಿಂದಲೋ ಲೇಬಲ್ ಹರಿದದ್ದರಿಂದಲೋ ಹೊಸದೆಂದು ಮಾರಲು ಬರುವುದಿಲ್ಲ. ಅದನ್ನು 180ಕ್ಕೆ ವಿಲೇವಾರಿ ಮಾಡಿದರೆ 200 ನಷ್ಟ, ಹಂಚಿದರೆ ತಲಾ 50. ಗೇಟ್‌ವೇ ಕಂಪನಿಯು ಗ್ರಾಹಕರಿಗೆ 840ನ್ನು ಪೂರ್ತಿಯಾಗಿ ಮರಳಿಸಿದರೂ ತನ್ನ ಶುಲ್ಕವನ್ನು ಸಾಮಾನ್ಯವಾಗಿ ಹಿಂದಿರುಗಿಸುವುದಿಲ್ಲ. ನಗದು ಸಂಗ್ರಹದ ಶುಲ್ಕವೂ ಹಾಗೆಯೇ. ಹೀಗಾಗಿ ಪ್ರೀಪೇಯ್ಡ್ ಆರ್ಡರು ಹಿಂದಿರುಗಿದರೆ ಸುಮಾರು 252, ಸಿಒಡಿ ಆರ್ಡರು ಹಿಂದಿರುಗಿದರೆ 270 ರೂಪಾಯಿ ಕೈಬಿಡುತ್ತದೆ.

ತಿಂಗಳ ಪೂರ್ಣ ಲೆಕ್ಕ

ಆ 1,000 ಆರ್ಡರುಗಳಲ್ಲಿ 400 ಪ್ರೀಪೇಯ್ಡ್, 600 ಸಿಒಡಿ. ಪ್ರೀಪೇಯ್ಡಿನಲ್ಲಿ 10 ತಲುಪದೆ ಮರಳಿದವು, ತಲುಪಿದ 390ರಲ್ಲಿ 39ನ್ನು ಗ್ರಾಹಕರು ಹಿಂದಿರುಗಿಸಿದರು, 351 ಉಳಿದವು. ಸಿಒಡಿಯಲ್ಲಿ ನಾಲ್ಕನೇ ಒಂದು ಭಾಗ, ಅಂದರೆ 150 ತಲುಪದೆ ಮರಳಿದವು. ತಲುಪಿದ 450ರಲ್ಲಿ 45 ಹಿಂದಿರುಗಿ 405 ಉಳಿದವು.

ಸಿಒಡಿಯ ಲೆಕ್ಕ ಹೀಗೆ: ಉಳಿದ 405 ಆರ್ಡರುಗಳಿಂದ ತಲಾ 300ರಂತೆ 1,21,500 ಬಂತು. ಅದರಲ್ಲಿ 150 ಆರ್‌ಟಿಒಗಳು ತಲಾ 174ರಂತೆ 26,100ನ್ನು, 45 ಹಿಂದಿರುಗಿಕೆಗಳು ತಲಾ 270ರಂತೆ 12,150ನ್ನು ತೆಗೆದುಕೊಂಡು ಹೋದವು. ಉಳಿದದ್ದು 83,250 ರೂಪಾಯಿ. ಇದನ್ನು ರವಾನೆಯಾದ 600 ಆರ್ಡರುಗಳಿಗೆ ಹಂಚಿದರೆ ತಲಾ 139. ಇದೇ ಕ್ರಮದಲ್ಲಿ, ತಲುಪದೆ ಮರಳಿದ 10 ಆರ್ಡರುಗಳಿಗೆ 174ರ ಜೊತೆ ಹಿಂದಿರುಗದ ಗೇಟ್‌ವೇ ಶುಲ್ಕವನ್ನೂ ಹಿಡಿದರೆ, ಪ್ರೀಪೇಯ್ಡಿನ ಒಟ್ಟು ಉಳಿಕೆ 99,960, ತಲಾ 250. ಎರಡೂ ಸೇರಿ 1,83,210, ಅಂದರೆ ರವಾನೆಯಾದ ಆರ್ಡರ್ ಒಂದಕ್ಕೆ 183 ರೂಪಾಯಿ.

ಮಾಲೀಕರ ಮನಸ್ಸಿನಲ್ಲಿದ್ದ 670 ಇಲ್ಲಿ 183ಕ್ಕೆ ಬಂದು ನಿಂತಿದೆ, ಜಾಹೀರಾತಿನ ಖರ್ಚು 190. ಬಾಡಿಗೆಯನ್ನಾಗಲಿ ಸಂಬಳವನ್ನಾಗಲಿ ಕೊಡುವ ಮುಂಚೆಯೇ ತಿಂಗಳಿಗೆ 6,790 ರೂಪಾಯಿ ಕೊರತೆ. ಹೆಚ್ಚು ಮಾರಿದಷ್ಟೂ ಹಣ ಕರಗುತ್ತಿದ್ದುದಕ್ಕೆ ಇದೇ ಉತ್ತರ. ಒಟ್ಟು ಸರಾಸರಿಗಿಂತ ಮುಖ್ಯವಾದ ಸಂಗತಿಯೆಂದರೆ, ಪ್ರೀಪೇಯ್ಡ್ ಆರ್ಡರು ಜಾಹೀರಾತು ಕಳೆದೂ 60 ರೂಪಾಯಿ ತರುತ್ತಿದೆ, ಸಿಒಡಿ ಆರ್ಡರು ತಲಾ 51 ರೂಪಾಯಿ ಕಳೆಯುತ್ತಿದೆ.

ಭಾಗಿಸುವ ಸಂಖ್ಯೆಯ ಬಗ್ಗೆಯೂ ಹೇಳಬೇಕು. ಅದೇ 1,83,210ನ್ನು ಉಳಿದ 756 ಆರ್ಡರುಗಳಿಗೆ ಮಾತ್ರ ಹಂಚಿದರೆ 242 ಎಂದು ಕಾಣುತ್ತದೆ. ಅದೂ ತಪ್ಪಲ್ಲ, ಆದರೆ ಜಾಹೀರಾತಿನ 190ನ್ನು 1,000 ಆರ್ಡರುಗಳ ಮೇಲೆ ಲೆಕ್ಕ ಹಾಕಿರುವಾಗ ಅದರ ಪಕ್ಕದಲ್ಲಿ 242ನ್ನು ಇಟ್ಟು ಹೋಲಿಸಿದರೆ ನಷ್ಟವೇ ಲಾಭವಾಗಿ ತೋರುತ್ತದೆ. ಜಾಹೀರಾತಿನ ಡ್ಯಾಶ್‌ಬೋರ್ಡು ಬಂದ ಆರ್ಡರುಗಳನ್ನೆಲ್ಲ ಎಣಿಸುತ್ತದೆ, ಉಳಿದವನ್ನಲ್ಲ.

ತಿಂಗಳ ಪುಸ್ತಕ ಏಕೆ ಇದನ್ನು ತೋರಿಸಲಿಲ್ಲ

ಆರ್ಡರು ಒಂದು ತಿಂಗಳು ಹೊರಡುತ್ತದೆ, ಅದರ ವಾಪಸಾತಿ ಮುಂದಿನ ತಿಂಗಳು ಬರುತ್ತದೆ. ಹಿಂದಿನ ತಿಂಗಳು ಈ ಉದ್ದಿಮೆ 500 ಆರ್ಡರು ಕಳಿಸಿತ್ತೆಂದೂ, ಅವುಗಳ ವಾಪಸಾತಿಯೆಲ್ಲ ಈ ತಿಂಗಳು ಬಂತೆಂದೂ ಇಟ್ಟುಕೊಳ್ಳಿ. ಎರಡೂ ಬಗೆ ಸೇರಿ ನಿಜವಾದ ವಾಪಸಾತಿ ಶೇ. 24.4 ಇರುವುದರಿಂದ ಬಂದ ಪಾರ್ಸೆಲುಗಳು 122. ಈ ತಿಂಗಳ ಪುಸ್ತಕದಲ್ಲಿ 1,000 ರವಾನೆಯ ಎದುರು 122 ವಾಪಸು ಎಂದು ಬರೆದಾಗ ಅದು ಶೇ. 12.2 ಎಂದು ಕಾಣುತ್ತದೆ, ಅಂದರೆ ನಿಜದ ಅರ್ಧ. ಬೆಳೆಯುತ್ತಿರುವ ವ್ಯಾಪಾರ ಯಾವಾಗಲೂ ತನ್ನನ್ನು ಇದ್ದುದಕ್ಕಿಂತ ಆರೋಗ್ಯವಾಗಿ ತೋರಿಸಿಕೊಳ್ಳುತ್ತದೆ. ಹಬ್ಬದ ಮಾರಾಟ ಮುಗಿದ ಮರುತಿಂಗಳು ಲೆಕ್ಕ ಇದ್ದಕ್ಕಿದ್ದಂತೆ ಕೆಟ್ಟುಹೋದಂತೆ ಕಾಣುವುದೂ ಇದೇ ಕಾರಣಕ್ಕೆ.

ಆದ್ದರಿಂದ ಪ್ರತಿ ವಾಪಸಾತಿಯನ್ನೂ ಅದು ಬಂದ ದಿನಕ್ಕಲ್ಲ, ಅದರ ಆರ್ಡರು ಹುಟ್ಟಿದ ತಿಂಗಳಿಗೆ ಸೇರಿಸಬೇಕು, ಮತ್ತು ತಿಂಗಳು ಮುಗಿದು ಸುಮಾರು 45 ದಿನ ಕಳೆಯುವ ತನಕ ಆ ತಿಂಗಳ ಲೆಕ್ಕವನ್ನು ಅಂತಿಮವೆಂದು ಕರೆಯಬಾರದು. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ವೆಬ್‌ಸೈಟಿನ ಆರ್ಡರ್ ಪಟ್ಟಿ, ಕೊರಿಯರ್ ಬಿಲ್, ಕೊರಿಯರ್ ಕಂಪನಿಯು ಸಿಒಡಿ ಹಣ ಜಮೆ ಮಾಡಿದ ಪಟ್ಟಿ, ಗೇಟ್‌ವೇಯ ಸೆಟಲ್‌ಮೆಂಟ್ ಪಟ್ಟಿ, ಈ ನಾಲ್ಕನ್ನು ಒಂದೇ ಎಕ್ಸೆಲ್ ಹಾಳೆಗೆ ಆರ್ಡರ್ ಸಂಖ್ಯೆಯ ಎದುರು ತಂದರೆ ಸಾಕು. ಆಗ ತಲುಪಿದೆಯೆಂದು ದಾಖಲಾಗಿಯೂ ಹಣ ಬಾರದ ಆರ್ಡರು, ಹಣ ಮರಳಿಸಿಯೂ ಕುರ್ತಿ ಗೋದಾಮಿಗೆ ಬಾರದ ಆರ್ಡರು, ತೂಕ ಹೆಚ್ಚೆಂದು ಬಿಲ್ಲಾದ ಆರ್ಡರು ತಾವಾಗಿಯೇ ಎದ್ದು ಕಾಣುತ್ತವೆ.

ಎರಡು ಗೆರೆಗಳು

ಸಿಒಡಿಯನ್ನು ಮುಂದುವರಿಸಬೇಕೇ ಎಂಬುದು ಮಾಲೀಕರ ಮೊದಲ ಪ್ರಶ್ನೆ. ತಲುಪಿದ ಸಿಒಡಿ ಆರ್ಡರುಗಳಲ್ಲಿ ಹತ್ತಕ್ಕೆ ಒಂಬತ್ತು ತಲಾ 300 ತರುತ್ತವೆ, ಒಂದು 270 ಕಳೆಯುತ್ತದೆ, ಸರಾಸರಿ 243. ತಲುಪದಿದ್ದರೆ 174 ನಷ್ಟ. ಇವೆರಡರ ನಡುವಿನ ಅಂತರ 417. ಅಂದರೆ ಆರ್‌ಟಿಒ ಪ್ರಮಾಣ ಶೇ. 1ರಷ್ಟು ಹೆಚ್ಚಿದಾಗಲೆಲ್ಲ ಪ್ರತಿ ಸಿಒಡಿ ಆರ್ಡರಿನ ಉಳಿಕೆ 4 ರೂಪಾಯಿ 17 ಪೈಸೆ ಇಳಿಯುತ್ತದೆ. ಜಾಹೀರಾತಿನ 190ನ್ನು ಅದು ಸರಿದೂಗಿಸಬೇಕಾದರೆ ಆರ್‌ಟಿಒ ಶೇ. 12.7ನ್ನು ದಾಟಬಾರದು. ಈಗ ಅದು 25. ಯಾವ ಊರುಗಳಿಗೆ, ಯಾವ ಪಿನ್‌ಕೋಡುಗಳಿಗೆ ಸಿಒಡಿ ಜಾಹೀರಾತು ತೋರಿಸಬೇಕು ಎಂಬುದನ್ನು ನಿರ್ಧರಿಸುವ ಗೆರೆ ಇದು.

ಆದರೆ ಆರ್ಡರು ಆಗಲೇ ಬಂದುಬಿಟ್ಟಿರುವಾಗ ಗೆರೆ ಬೇರೆ. ಜಾಹೀರಾತಿನ 190 ಆಗಲೇ ಖರ್ಚಾಗಿದೆ, ಕಳಿಸಿದರೂ ಕಳಿಸದಿದ್ದರೂ ಅದು ಮರಳಿ ಬರುವುದಿಲ್ಲ. ಈಗಿರುವ ಪ್ರಶ್ನೆ 243 ಗಳಿಸುವ ಅವಕಾಶವೋ 174 ಕಳೆಯುವ ಅಪಾಯವೋ ಎಂಬುದಷ್ಟೇ. ಲೆಕ್ಕ ಹಾಕಿದರೆ, ಆ ಆರ್ಡರು ಆರ್‌ಟಿಒ ಆಗುವ ಸಾಧ್ಯತೆ ಶೇ. 58ನ್ನು ಮೀರಿದಾಗ ಮಾತ್ರ ಅದನ್ನು ರದ್ದು ಮಾಡುವುದು ಲಾಭ. ರವಾನೆಗೆ ಮುನ್ನ ಫೋನ್ ಮಾಡಿ, ಎತ್ತದವರ ಆರ್ಡರುಗಳನ್ನೆಲ್ಲ ರದ್ದುಗೊಳಿಸುವ ಕ್ರಮ ಬುದ್ಧಿವಂತಿಕೆಯಂತೆ ತೋರುತ್ತದೆ. 100 ಜನ ಫೋನ್ ಎತ್ತಲಿಲ್ಲವೆಂದೂ, ಅವರಲ್ಲಿ 60 ಜನ ಹೇಗೂ ಪಾರ್ಸೆಲು ತೆಗೆದುಕೊಳ್ಳುತ್ತಿರಲಿಲ್ಲವೆಂದೂ ಇಟ್ಟುಕೊಂಡರೂ, ಉಳಿತಾಯ 10,440, ಕಳೆದುಕೊಂಡ 40 ಒಳ್ಳೆಯ ಆರ್ಡರುಗಳಿಂದ ನಷ್ಟ 9,720. ಮಿಗುವುದು 720 ರೂಪಾಯಿ. ಕರೆ ಒಂದಕ್ಕೆ 10 ರೂಪಾಯಿಯಂತೆ 600 ಜನರಿಗೆ ಫೋನ್ ಮಾಡಿದ ಖರ್ಚೇ 6,000. ಫೋನ್ ಕರೆಯ ಪ್ರಯೋಜನ ಇರುವುದು ತಾವಾಗಿಯೇ ಬೇಡವೆನ್ನುವವರನ್ನು ಪತ್ತೆ ಮಾಡುವುದರಲ್ಲಿ, ವಿಳಾಸ ಸರಿಪಡಿಸುವುದರಲ್ಲಿ; ಎತ್ತದವರನ್ನು ಶಿಕ್ಷಿಸುವುದರಲ್ಲಲ್ಲ.

ಪ್ರೀಪೇಯ್ಡಿಗೆ 50 ರೂಪಾಯಿ ಹೆಚ್ಚುವರಿ ರಿಯಾಯಿತಿ ಕೊಟ್ಟು ಜನರನ್ನು ಸಿಒಡಿಯಿಂದ ಸೆಳೆಯುವುದು ಇನ್ನೊಂದು ಸಲಹೆ. ತೆರಿಗೆ, ವಾಪಸಾತಿ, ಕಡಿಮೆಯಾಗುವ ಗೇಟ್‌ವೇ ಶುಲ್ಕ ಎಲ್ಲ ಹಿಡಿದರೆ ಇದರಿಂದ ಪ್ರತಿ ಪ್ರೀಪೇಯ್ಡ್ ಆರ್ಡರಿನ ಉಳಿಕೆ ಸುಮಾರು 41 ರೂಪಾಯಿ ಇಳಿದು 209 ಆಗುತ್ತದೆ. ಸಿಒಡಿಯ 139ಕ್ಕೆ ಹೋಲಿಸಿದರೆ, ಬದಲಾದ ಪ್ರತಿ ಗ್ರಾಹಕರಿಂದ 70 ರೂಪಾಯಿ ಲಾಭ. ಆದರೆ ಮೊದಲೇ ಮುಂಗಡವಾಗಿ ಕೊಡುತ್ತಿದ್ದ 400 ಜನರಿಗೂ ಈ ರಿಯಾಯಿತಿ ಸಿಗುತ್ತದೆ, ಅದರಿಂದ 16,000 ರೂಪಾಯಿಗೂ ಹೆಚ್ಚು ಹೋಗುತ್ತದೆ. ಅದನ್ನು ತುಂಬಿಕೊಳ್ಳಲು 600 ಸಿಒಡಿ ಗ್ರಾಹಕರಲ್ಲಿ ಸುಮಾರು 230 ಜನ ಬದಲಾಗಬೇಕು. ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ: ಮುಂಗಡ ಕೊಡಲು ಒಪ್ಪುವವರು ಬಹುಮಟ್ಟಿಗೆ ಸಿಒಡಿಯಲ್ಲಿಯೂ ಪಾರ್ಸೆಲು ತೆಗೆದುಕೊಳ್ಳುತ್ತಿದ್ದವರೇ. ಅವರು ಹೊರಟ ಮೇಲೆ ಉಳಿಯುವ ಸಿಒಡಿ ಗುಂಪಿನ ಆರ್‌ಟಿಒ 25ಕ್ಕಿಂತ ಹೆಚ್ಚಾಗುತ್ತದೆ, ಹೀಗಾಗಿ 70ರ ಲಾಭ ಕಾಗದದ ಮೇಲಿದ್ದಷ್ಟು ಕೈಗೆ ಬರುವುದಿಲ್ಲ. ಈ ಯೋಜನೆಯನ್ನು ಎರಡು ವಾರ ಕೆಲವೇ ಜಿಲ್ಲೆಗಳಲ್ಲಿ ನಡೆಸಿ, ಎರಡೂ ಗುಂಪುಗಳ ಒಟ್ಟು ಉಳಿಕೆಯನ್ನು ನೋಡಿ ನಿರ್ಧರಿಸುವುದು ಸರಿ.

ನನ್ನ ದೃಷ್ಟಿಯಲ್ಲಿ ಈ ಉದ್ದಿಮೆ ಮೊದಲು ಕೈಹಾಕಬೇಕಾದದ್ದು ಅಳತೆಯ ದೂರುಗಳಿಗೆ. ಹಿಂದಿರುಗುವ ಒಂದು ಪ್ರೀಪೇಯ್ಡ್ ಆರ್ಡರು 318ರ ಲಾಭವನ್ನು ತಪ್ಪಿಸಿ 252ರ ನಷ್ಟವನ್ನು ತರುವುದರಿಂದ ಅಂತರ 570 ರೂಪಾಯಿ, ಸಿಒಡಿಯಲ್ಲಿಯೂ ಅಷ್ಟೇ. ಯಾವ ಆರ್‌ಟಿಒ ಕೂಡ ಇಷ್ಟು ದುಬಾರಿಯಲ್ಲ. ಅಳತೆ ಸರಿಹೊಂದದವರಿಗೆ ಹಣ ಮರಳಿಸುವ ಬದಲು ಬೇರೆ ಅಳತೆಯ ಕುರ್ತಿಯನ್ನು ಉಚಿತವಾಗಿ ಕಳಿಸಿದರೆ, ಹೊಸ ಪ್ಯಾಕಿಂಗ್ 15, ಸಾಗಣೆ 70, ಹಳೆಯದನ್ನು ತರಿಸುವುದಕ್ಕೆ 90, ಮರುಜೋಡಣೆ ಮತ್ತು ಹಾಳಾಗುವ ಪಾಲು 60, ಒಟ್ಟು 235 ಖರ್ಚಾಗುತ್ತದೆ. 318ರಲ್ಲಿ ಅದು ಹೋಗಿಯೂ 83 ರೂಪಾಯಿ ಉಳಿಯುತ್ತದೆ. ಒಂದೇ ಗ್ರಾಹಕರ ವಿಷಯದಲ್ಲಿ 252ರ ನಷ್ಟ 83ರ ಉಳಿಕೆಯಾಗಿ ಬದಲಾಗುತ್ತದೆ. ಇದಕ್ಕೆ ಬೇಕಾದುದು ವಾಪಸಾತಿಯ ಅರ್ಜಿಯಲ್ಲಿ ಕಾರಣವನ್ನು ಕಡ್ಡಾಯವಾಗಿ ಕೇಳುವ ಒಂದು ಜಾಗ, ಮತ್ತು ಆ ಕಾರಣವನ್ನು ಅದೇ ಎಕ್ಸೆಲ್ ಹಾಳೆಯಲ್ಲಿ ಆರ್ಡರಿನ ಎದುರು, ಕುರ್ತಿಯ ವಿನ್ಯಾಸ ಮತ್ತು ಅಳತೆಯ ಜೊತೆಗೆ ಬರೆದಿಡುವುದು. ಒಂದೇ ವಿನ್ಯಾಸದ ಒಂದೇ ಅಳತೆಯಿಂದ ದೂರುಗಳು ಮತ್ತೆ ಮತ್ತೆ ಬರುತ್ತಿದ್ದರೆ, ವೆಬ್‌ಸೈಟಿನ ಅಳತೆಯ ಪಟ್ಟಿಯನ್ನು ನಂಬದೆ ಗೋದಾಮಿನಲ್ಲಿರುವ ಆ ಕುರ್ತಿಯ ಎದೆ ಮತ್ತು ಭುಜವನ್ನು ಟೇಪ್ ಹಿಡಿದು ಅಳೆದು, ವ್ಯತ್ಯಾಸವಿದ್ದರೆ ಪಟ್ಟಿಯನ್ನು ತಿದ್ದಿ, ಮುಂದಿನ ಕಟಿಂಗಿಗೆ ಮುಂಚೆ ದರ್ಜಿಗೆ ತಿಳಿಸಬೇಕು.